ಸರ್ವರ್‌ಗಳ ಗಡಿಯಾರ ತಾಳೆಯಾಗದಿದ್ದಾಗ ಲಾಗ್ ಓದುವುದು ಹೇಗೆ?

ಒಂದು ವಹಿವಾಟು ಕೆಟ್ಟುಹೋದ ಕಾರಣ ಹುಡುಕಲು ಎರಡು ಸರ್ವರ್‌ಗಳ ಲಾಗ್‌ಗಳನ್ನು ಸಮಯದ ಕ್ರಮದಲ್ಲಿ ಜೋಡಿಸಿದಾಗ, ಆ್ಯಪ್ ಸರ್ವರ್ ಪ್ರಶ್ನೆ ಕಳುಹಿಸುವ ಮೊದಲೇ ಡೇಟಾಬೇಸ್ ಉತ್ತರ ಕೊಟ್ಟಂತೆ ಕಂಡರೆ, ಮೊದಲು ಅನುಮಾನಿಸಬೇಕಾದದ್ದು ಗಡಿಯಾರವನ್ನು. ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆಯಿದ್ದರೆ ಒಂದು ಲಾಗ್ ಭಾರತೀಯ ಕಾಲಮಾನದಲ್ಲೂ ಇನ್ನೊಂದು ಯುಟಿಸಿಯಲ್ಲೂ ಇದೆ ಎಂದಷ್ಟೇ ಅರ್ಥ. ಕೆಲವು ಸೆಕೆಂಡುಗಳ ವ್ಯತ್ಯಾಸವೇ ನಿಜವಾದ ತಲೆನೋವು.

ಅದನ್ನು ಅಳೆಯಲು ಎರಡೂ ಲಾಗ್‌ಗಳಲ್ಲಿ ಒಂದೇ ರಿಕ್ವೆಸ್ಟ್ ಐಡಿ ಇರುವ ಸಾಲುಗಳನ್ನು ಆರಿಸಿಕೊಳ್ಳಿ. ಉದಾಹರಣೆಗೆ, ಆ್ಯಪ್ ಸರ್ವರ್ 10:42:07.310ಕ್ಕೆ ಪ್ರಶ್ನೆ ಕಳುಹಿಸಿ 07.350ಕ್ಕೆ ಉತ್ತರ ಪಡೆದಿದೆ. ಡೇಟಾಬೇಸ್ ಅದೇ ಪ್ರಶ್ನೆಯನ್ನು 10:42:04.905ಕ್ಕೆ ಸ್ವೀಕರಿಸಿ 04.935ಕ್ಕೆ ಉತ್ತರಿಸಿದೆ ಎನ್ನೋಣ. ಹೋಗುವಾಗಿನ ವ್ಯತ್ಯಾಸ 2.405 ಸೆಕೆಂಡು, ಬರುವಾಗಿನದು 2.415, ಇವುಗಳ ಸರಾಸರಿಯಂತೆ ಡೇಟಾಬೇಸ್‌ನ ಗಡಿಯಾರ 2.410 ಸೆಕೆಂಡು ಹಿಂದಿದೆ. ಒಟ್ಟು 40 ಮಿಲಿಸೆಕೆಂಡಿನಲ್ಲಿ 30 ಡೇಟಾಬೇಸ್‌ನೊಳಗೇ ಕಳೆದಿದ್ದು, ಜಾಲದಲ್ಲಿ ಹೋದದ್ದು 10 ಮಾತ್ರವಾದ್ದರಿಂದ ಈ ಲೆಕ್ಕ 5 ಮಿಲಿಸೆಕೆಂಡಿಗಿಂತ ಹೆಚ್ಚು ತಪ್ಪಿರಲಾರದು. ಕಳುಹಿಸಿದ ಸಾಲನ್ನು ಮಾತ್ರ ನೋಡಿ ತೀರ್ಮಾನಿಸಿದರೆ ಜಾಲದ ವಿಳಂಬವೂ ಗಡಿಯಾರದ ದೋಷವೂ ಬೆರೆತುಹೋಗುತ್ತವೆ.

ಒಂದೇ ಅಳತೆ ಸಾಲದು. ಆರು ಗಂಟೆ ಹಿಂದಿನ ಇನ್ನೊಂದು ರಿಕ್ವೆಸ್ಟ್‌ನಲ್ಲಿ ಇದೇ ವ್ಯತ್ಯಾಸ 1.978 ಸೆಕೆಂಡು ಬಂದರೆ, ಗಡಿಯಾರ ಗಂಟೆಗೆ 72 ಮಿಲಿಸೆಕೆಂಡಿನಂತೆ ಹಿಂದೆ ಬೀಳುತ್ತಿದೆ ಎಂದಾಯಿತು. ತಿದ್ದುವವರಿಲ್ಲದ ಸಾಧಾರಣ ಕ್ವಾರ್ಟ್ಜ್ ಹರಳಿಗೆ ಇದು ಅಸಹಜವೇನಲ್ಲ. ಇದೇ ವೇಗದಲ್ಲಿ ಹಿಂದಕ್ಕೆ ಲೆಕ್ಕ ಹಾಕಿದರೆ ಸುಮಾರು ಮೂವತ್ಮೂರೂವರೆ ಗಂಟೆ ಹಿಂದೆ, ಅಂದರೆ ಹಿಂದಿನ ದಿನ ಬೆಳಗಿನ ಜಾವ ಒಂದೂಕಾಲರ ಹೊತ್ತಿಗೆ, ಎರಡೂ ಗಡಿಯಾರಗಳು ಒಂದಾಗಿದ್ದವು. ಆ ಹೊತ್ತಿಗೆ ಸರ್ವರ್ ರೀಬೂಟ್ ಆಗಿತ್ತೇ ಎಂದು ನೋಡುವುದು ಲೇಸು. ಬೂಟ್ ಆಗುವಾಗಲೇ ಗಡಿಯಾರ ತಪ್ಪಿದ್ದಿರಬಹುದಾದ್ದರಿಂದ ಈ ಗಂಟೆಯನ್ನು ಸುಳಿವೆಂದು ಮಾತ್ರ ಭಾವಿಸಬೇಕು.

ಈಗ ಎರಡೂ ಸರ್ವರ್‌ಗಳಲ್ಲಿ ಈ ಆದೇಶಗಳನ್ನು ಕೊಟ್ಟು, ಬಂದ ಉತ್ತರವನ್ನು ಕಡತದಲ್ಲಿ ಉಳಿಸಿಕೊಳ್ಳಿ.

```
journalctl --list-boots
chronyc tracking
chronyc sources
```

`506 Cannot talk to daemon` ಎಂದು ಬಂದರೆ ಸಮಯ ತಿದ್ದುವ ಸೇವೆ ಬಹುಮಟ್ಟಿಗೆ ಆರಂಭವೇ ಆಗಿಲ್ಲ. ಸೇವೆ ನಡೆಯುತ್ತಿದ್ದರೂ ನಿಶ್ಚಿಂತರಾಗಬೇಡಿ: `System time` ಸಾಲು ಆ ಯಂತ್ರದ ಸ್ವಂತ ಅಂದಾಜಷ್ಟೇ ಆದ್ದರಿಂದ, ಸಮಯ ಕೊಡುವ ಮೂಲ ಸರ್ವರ್‌ನ ಸಂಪರ್ಕ ಕಡಿದುಹೋಗಿದ್ದರೂ ಅಲ್ಲಿನ ಅಂಕಿ ಚೆನ್ನಾಗಿಯೇ ಕಾಣಬಹುದು. `Reach` ಅಂಕಣದಲ್ಲಿ 377 ಇದ್ದರೆ ಕಳೆದ ಎಂಟೂ ವಿಚಾರಣೆಗಳಿಗೆ ಉತ್ತರ ಬಂದಿದೆ. 0 ಇದ್ದರೆ ಒಂದಕ್ಕೂ ಬಂದಿಲ್ಲ, ಆಗ ಫೈರ್‌ವಾಲ್‌ನಲ್ಲಿ ಯುಡಿಪಿ 123ನೇ ಪೋರ್ಟ್ ಮುಚ್ಚಿದೆಯೇ ಎಂದು ಪರಿಶೀಲಿಸಬೇಕು.

ಇವೆಲ್ಲ ದಾಖಲಾಗುವವರೆಗೆ ಗಡಿಯಾರವನ್ನು ಸರಿಪಡಿಸಲು ಹೋಗಬೇಡಿ. ಸರಿಪಡಿಸಿದ ಕ್ಷಣದಿಂದ ವ್ಯತ್ಯಾಸ ಅಳೆಯುವ ಅವಕಾಶವೇ ಹೋಗುತ್ತದೆ. ಮೂಲ ಲಾಗ್‌ಗಳನ್ನೂ ತಿದ್ದದೆ, ಡೇಟಾಬೇಸ್ ಲಾಗ್‌ನ ನಕಲಿನಲ್ಲಿ ಮಾತ್ರ ತಿದ್ದಿದ ಸಮಯಕ್ಕೆ ಹೊಸ ಅಂಕಣ ಸೇರಿಸಿ, ಆಯಾ ಗಂಟೆಯ ವ್ಯತ್ಯಾಸವನ್ನು ಅಲ್ಲಿ ಕೂಡಿಸಿ. ಹಾಗೆ ತಿದ್ದಿದ ಮೇಲೂ ಬೇರೆ ಬೇರೆ ಸರ್ವರ್‌ಗಳಲ್ಲಿ 5 ಮಿಲಿಸೆಕೆಂಡಿಗಿಂತ ಹತ್ತಿರದಲ್ಲಿ ನಡೆದ ಎರಡು ಘಟನೆಗಳಲ್ಲಿ ಯಾವುದು ಮೊದಲು ಎಂದು ಈ ಲಾಗ್‌ಗಳಿಂದ ಹೇಳಲಾಗದು.