ಅಸಿಟಿಕ್ ಆಮ್ಲದ ಗ್ರಾಫಿನಲ್ಲಿ ಎಂಡ್ ಪಾಯಿಂಟ್ ಹುಡುಕುವುದು ಹೇಗೆ?

ಬೆಂಗಳೂರಿನ ಡಿಗ್ರಿ ಕಾಲೇಜಿನ ಲ್ಯಾಬಿನಲ್ಲಿ ಹೈಡ್ರೋಕ್ಲೋರಿಕ್ ಆಮ್ಲದ ಕಂಡಕ್ಟೋಮೆಟ್ರಿಕ್ ಟೈಟ್ರೇಷನ್, ಅಂದರೆ ವಾಹಕತೆ ಅಳೆಯುತ್ತಾ ಆಮ್ಲಕ್ಕೆ ಪ್ರತ್ಯಾಮ್ಲ ಬಿಡುವ ಪ್ರಯೋಗ, ಮಾಡಿದವರಿಗೆ ಒಂದು ಅಭ್ಯಾಸ ಬಂದುಬಿಡುತ್ತದೆ. ರೀಡಿಂಗ್ ಎಲ್ಲಿ ಅತಿ ಕಡಿಮೆಯೋ ಅಲ್ಲೇ ಎಂಡ್ ಪಾಯಿಂಟ್, ಅಂದರೆ ಆಮ್ಲವೆಲ್ಲ ಮುಗಿದ ಜಾಗ! ಅಸಿಟಿಕ್ ಆಮ್ಲದಲ್ಲಿ ಇದು ಪೂರ್ತಿ ದಾರಿ ತಪ್ಪಿಸುತ್ತದೆ.

ಎರಡರಲ್ಲಿ ಯಾವ ಆಮ್ಲವಾದರೂ ಬೀಕರಿಗೆ 0.01 ಮೋಲಾರ್ ದ್ರಾವಣ 50 ಮಿಲಿ ಹಾಕಿ. ಬ್ಯುರೆಟ್ಟಿನಲ್ಲಿ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಇರಲಿ. ಹತ್ತು ಪಟ್ಟು ಗಾಢವಾಗಿದ್ದರೆ ಬೀಕರಿನ ದ್ರಾವಣ ಜಾಸ್ತಿ ತೆಳುವಾಗುವುದಿಲ್ಲ. ಎಲ್ಲಕ್ಕೂ ಡಿಸ್ಟಿಲ್ಡ್ ವಾಟರ್ ಬೇಕೇ ಬೇಕು. ನಮ್ಮ ಬೋರ್‌ವೆಲ್ ನೀರಿನ ಉಪ್ಪೂ ಕರೆಂಟ್ ಸಾಗಿಸುತ್ತದಲ್ವಾ? ವಾಹಕತೆ ಅಳೆಯುವ ಸೆಲ್ಲಿನ ಪ್ಲೇಟುಗಳು ಪೂರ್ತಿ ಮುಳುಗಿರಲಿ. ಪ್ರತಿ ಸಲ ಚೆನ್ನಾಗಿ ಕಲಕಿ, ಅಂಕಿ ನಿಂತ ಮೇಲೆ ಬರೆದುಕೊಳ್ಳಿ.

ಹೈಡ್ರೋಕ್ಲೋರಿಕ್ ಆಮ್ಲದ ಕಥೆ ಸರಳ. ಅದರ ಹೈಡ್ರೋಜನ್ ಅಯಾನು ಕರೆಂಟ್ ಸಾಗಿಸುವುದರಲ್ಲಿ ಸೋಡಿಯಂ ಅಯಾನಿಗಿಂತ ಸುಮಾರು ಏಳು ಪಟ್ಟು ಮುಂದು. ಪ್ರತ್ಯಾಮ್ಲ ಬಿದ್ದಂತೆಲ್ಲ ಹೈಡ್ರೋಜನ್ ಹೋಗಿ ಆ ಜಾಗಕ್ಕೆ ಸೋಡಿಯಂ ಬರುತ್ತದೆ. ಸೆಂಟಿಮೀಟರಿಗೆ ಸುಮಾರು 4.3 ಮಿಲಿಸೀಮೆನ್ಸ್ ಇದ್ದ ವಾಹಕತೆ 5 ಮಿಲಿ ಹೊತ್ತಿಗೆ 1.15ಕ್ಕೆ ಇಳಿಯುತ್ತದೆ. ಆಮೇಲೆ ಹೈಡ್ರಾಕ್ಸೈಡ್ ಉಳಿಯತೊಡಗುತ್ತದೆ, ಗೆರೆ ಮೇಲೇಳುತ್ತದೆ. ಗ್ರಾಫ್ V ಆಕಾರದ್ದು, ಅದರ ತಳವೇ ಎಂಡ್ ಪಾಯಿಂಟ್.

ಈಗ ಅಸಿಟಿಕ್ ಆಮ್ಲ. ನೂರು ಅಣುಗಳಲ್ಲಿ ಸುಮಾರು ನಾಲ್ಕು ಮಾತ್ರ ಅಯಾನಾಗಿರುತ್ತವೆ. ಹಾಗಾಗಿ ಶುರುವಿನ ರೀಡಿಂಗೇ 0.16ರ ಆಸುಪಾಸು. ಇಲ್ಲಿ ಮೊದಲ 1 ಮಿಲಿಯನ್ನು ಕಾಲು ಕಾಲು ಮಿಲಿಯಂತೆ ಬಿಡಿ. ಲೆಕ್ಕದ ಪ್ರಕಾರ 0.25 ಮಿಲಿಗೆ ರೀಡಿಂಗ್ 0.13ಕ್ಕೆ ಇಳಿದು, 0.5ಕ್ಕೆ 0.14, 1 ಮಿಲಿಗೆ 0.20 ಆಗುತ್ತದೆ. ಹೊಸದಾಗಿ ಹುಟ್ಟಿದ ಅಸಿಟೇಟ್, ಉಳಿದ ಆಮ್ಲ ಒಡೆಯದಂತೆ ತಡೆಯುವುದರಿಂದ ಈ ಪುಟ್ಟ ಇಳಿತ. ಒಂದೇ ಸಲಕ್ಕೆ 1 ಮಿಲಿ ಬಿಟ್ಟರೆ ಇಳಿತ ಕಾಣುವುದೇ ಇಲ್ಲ. ಕಂಡವರು ಅದನ್ನೇ ಎಂಡ್ ಪಾಯಿಂಟ್ ಅಂದುಕೊಂಡರೆ ಉತ್ತರ ಇಪ್ಪತ್ತು ಪಟ್ಟು ತಪ್ಪು.

ಮುಂದೆ ಸೋಡಿಯಂ ಅಸಿಟೇಟ್ ಹೆಚ್ಚಿದಂತೆ ವಾಹಕತೆ ಮಿಲಿಗೆ ಸುಮಾರು 0.16ರಂತೆ ಏರುತ್ತದೆ. 5 ಮಿಲಿ ದಾಟಿದ ಮೇಲೆ ಹೈಡ್ರಾಕ್ಸೈಡ್ ಸೇರಿ ಮಿಲಿಗೆ 0.4ರಂತೆ ಏರುತ್ತದೆ. ನಮಗೆ ಬೇಕಾದದ್ದು ಈ ಏರು ಬದಲಾಗುವ ಜಾಗ. ಅಲ್ಲಿ ರೀಡಿಂಗ್ 0.83ರಷ್ಟಿದ್ದು, ಶುರುವಿಗಿಂತ ಐದು ಪಟ್ಟು ಜಾಸ್ತಿಯೇ ಇರುತ್ತದೆ.

ಆ ತಿರುವು ಚೂಪಾಗಿ ಬರುವುದಿಲ್ಲ, ಕೊಂಚ ದುಂಡಗಿರುತ್ತದೆ. ಅಸಿಟೇಟ್ ನೀರಿನೊಡನೆ ವರ್ತಿಸಿ ಸ್ವಲ್ಪ ಹೈಡ್ರಾಕ್ಸೈಡ್ ಕೊಡುವುದೇ ಕಾರಣ. ಅದಕ್ಕೇ 5ರ ಅಕ್ಕಪಕ್ಕದ ಬಿಂದುಗಳನ್ನು ನಂಬಬೇಡಿ. 2ರಿಂದ 4 ಮಿಲಿವರೆಗಿನ ಬಿಂದುಗಳಿಗೆ ಒಂದು ನೇರ ಗೆರೆ, 6ರಿಂದ 9ರವರೆಗೆ ಇನ್ನೊಂದು ಎಳೆಯಿರಿ. ಎರಡೂ ಕೂಡುವಲ್ಲಿ ಎಂಡ್ ಪಾಯಿಂಟ್. ಎಳೆಯುವ ಮೊದಲು ಪ್ರತಿ ರೀಡಿಂಗನ್ನೂ (50 + v)/50ರಿಂದ ಗುಣಿಸಿ. ಇಲ್ಲಿ v ಎಂದರೆ ಅಲ್ಲಿಯವರೆಗೆ ಬಿಟ್ಟ ಮಿಲಿ. ಇಲ್ಲದಿದ್ದರೆ ದ್ರಾವಣ ತೆಳುವಾಗುತ್ತಾ ಹೋಗಿ ಗೆರೆಗಳು ಬಾಗುತ್ತವೆ. ನಡುವೆ ಊಟಕ್ಕೆ ಎದ್ದು ಹೋಗಬೇಡಿ. ಉಷ್ಣತೆ ಒಂದು ಡಿಗ್ರಿ ಏರಿದರೆ ವಾಹಕತೆ ಸುಮಾರು ಶೇ 2ರಷ್ಟು ಹೆಚ್ಚುತ್ತದೆ, ಊಟಕ್ಕೆ ಮೊದಲಿನ ಬಿಂದುಗಳಿಗೂ ನಂತರದವಕ್ಕೂ ತಾಳೆಯಾಗುವುದಿಲ್ಲ.