ದೋಣಿಯಿಂದ ಹಕ್ಕಿ ಫೋಟೊ: ಕಣ್ಣು ಚೂಪಾಗಿ ಬರಬೇಕೆಂದರೆ

ರಂಗನತಿಟ್ಟಿನ ದೋಣಿಯಲ್ಲಿ ಕೂತರೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಹತ್ತಿರವೇ ಸಿಗುತ್ತವೆ. ಆದರೂ ಮನೆಗೆ ಬಂದು ಫೋಟೊ ಹಿಗ್ಗಿಸಿದರೆ ಕಣ್ಣು ಮಸುಕು. ಕಂಪ್ಯೂಟರಿನಲ್ಲಿ ಶಾರ್ಪ್ ಮಾಡಹೊರಟರೆ ಅಂಚುಗಳು ಗಡುಸಾಗುತ್ತವೆಯೇ ಹೊರತು ಸೆನ್ಸರ್‌ನಲ್ಲಿ ದಾಖಲಾಗದ ಗರಿಯ ಎಳೆ ಮರಳಿ ಬರುವುದಿಲ್ಲ. ಹಾಗಾಗಿ ಕೆಲಸವೆಲ್ಲ ಕ್ಲಿಕ್ಕಿಸುವ ಮೊದಲೇ ಆಗಬೇಕು. ಚಿಕ್ಕ ಸೆನ್ಸರ್ ಇರುವ ಸಾಮಾನ್ಯ ಎಪಿಎಸ್-ಸಿ ಕ್ಯಾಮೆರಾ, 70-300 ಎಂಎಂ ಲೆನ್ಸ್ ಇದೆ ಎಂದುಕೊಳ್ಳೋಣ.

ಮೊದಲ ಹೆಜ್ಜೆ ಮನೆಯಲ್ಲೇ. ಗೋಡೆಗೆ ದಿನಪತ್ರಿಕೆಯ ಹಾಳೆ ಅಂಟಿಸಿ, ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ಟೈಮರ್ ಹಾಕಿ 300 ಎಂಎಂನಲ್ಲಿ ಲೆನ್ಸಿನ ಬೆಳಕಿನ ರಂಧ್ರವನ್ನು ಕಿರಿದಾಗಿಸುತ್ತ f/5.6, f/8, f/11, f/16 ಹೀಗೆ ಒಂದೊಂದು ಚಿತ್ರ ತೆಗೆಯಿರಿ. ಸಣ್ಣ ಅಕ್ಷರಗಳನ್ನು ಹಿಗ್ಗಿಸಿ ಹೋಲಿಸಿ. ಪೂರ್ತಿ ತೆರೆದ f/5.6ರಲ್ಲಿ ಮಸೂರದ ದೋಷಗಳು ಎದ್ದು ಕಾಣುತ್ತವೆ. F/16ರಲ್ಲಿ ಕಿರಿದಾದ ರಂಧ್ರದಿಂದ ಬೆಳಕು ಚದುರಿ ಅಕ್ಷರ ಮತ್ತೆ ಮೆತ್ತಗಾಗುತ್ತದೆ. ಇಂಥ ಲೆನ್ಸ್‌ಗಳಿಗೆ ಸಾಮಾನ್ಯವಾಗಿ f/8ರ ಆಸುಪಾಸೇ ಒಳ್ಳೆಯದು. ನಿಮ್ಮದು ಎಲ್ಲಿ ಗೆಲ್ಲುತ್ತದೋ ಅದನ್ನೇ ಹಿಡಿಯಿರಿ.

ಇನ್ನು ಶಟರ್. ಲೆನ್ಸಿನ ಫೋಕಲ್ ಉದ್ದ ಎಷ್ಟೋ, ಸೆಕೆಂಡಿನ ಅಷ್ಟನೇ ಒಂದು ಭಾಗಕ್ಕಿಂತ ನಿಧಾನವಾಗಬಾರದು ಎಂಬುದು ರೂಢಿಯ ಲೆಕ್ಕ. ಇಲ್ಲಿ ಉದ್ದ 300, ಎಪಿಎಸ್-ಸಿಗೆ ಅದನ್ನು ಒಂದೂವರೆ ಪಟ್ಟು ಮಾಡಿದರೆ 450. ಅಂದರೆ ಕೈನಡುಕಕ್ಕೇ ಸೆಕೆಂಡಿನ 1/500 ಬೇಕು. ಆದರೆ ಆ ಲೆಕ್ಕ ಗಟ್ಟಿ ನೆಲದ್ದು. ದೋಣಿ ತೂಗುತ್ತದೆ, ಹಕ್ಕಿ ಕತ್ತು ಹೊರಳಿಸುತ್ತದೆ. ಕೂತ ಹಕ್ಕಿಗೆ 1/1000, ಹಾರುವುದಕ್ಕೆ 1/2000 ಇಟ್ಟುಕೊಳ್ಳಿ. ಲೆನ್ಸಿನ ಸ್ಟೆಬಿಲೈಸರ್ ನಿಮ್ಮ ಕೈ ತಡೆಯುತ್ತದೆ, ಹಕ್ಕಿಯನ್ನಲ್ಲ. ಚೊಕ್ಕ ಬಿಸಿಲಿನಲ್ಲಿ f/8, 1/1600ಕ್ಕೆ ಐಎಸ್‌ಒ 400 ಸಾಕು. ಬೆಳಗಿನ ಮಂದ ಬೆಳಕಿಗೆ 1600ಕ್ಕೂ ಏರಬಹುದು. ಏರಲಿ ಬಿಡಿ. ಕಾಳುಕಾಳಾದ ಚಿತ್ರವನ್ನು ಆಮೇಲೆ ನಯ ಮಾಡಬಹುದು, ಅಲುಗಿದ್ದನ್ನು ಆಗದು.

ಹೆಚ್ಚಿನವರು ಸೋಲುವುದು ಫೋಕಸ್‌ನಲ್ಲಿ. ಹತ್ತು ಮೀಟರ್ ದೂರದ ಹಕ್ಕಿಗೆ 300 ಎಂಎಂ, f/8ರಲ್ಲಿ ಸ್ಪಷ್ಟವಾಗಿ ಸಿಗುವ ಆಳ ಹೆಚ್ಚುಕಡಿಮೆ ಒಂದಡಿ. ನಿಮ್ಮತ್ತ ಮುಖ ಮಾಡಿದ ಹೆಜ್ಜಾರ್ಲೆಯ ಕೊಕ್ಕೇ ಅಷ್ಟುದ್ದ! ಫೋಕಸ್ ಕೊಕ್ಕಿನ ತುದಿಗೆ ಕೂತರೆ ಕಣ್ಣು ಹೋದಂತೆಯೇ. ಎಲ್ಲ ಫೋಕಸ್ ಬಿಂದುಗಳನ್ನೂ ಕ್ಯಾಮೆರಾಕ್ಕೆ ಬಿಟ್ಟರೆ ಅದು ಹೆಚ್ಚಾಗಿ ಎದುರಿನ ಕೊಂಬೆಯನ್ನೇ ಹಿಡಿಯುತ್ತದೆ. ಆದ್ದರಿಂದ ಒಂದೇ ಬಿಂದು ಆರಿಸಿ, ಅದನ್ನು ಕಣ್ಣಿನ ಮೇಲೆ ತಂದಿಡಿ. ದೋಣಿ ಚಲಿಸುವಾಗ ಫೋಕಸ್ ನಿರಂತರ ಬದಲಾಗುವ AF-C ಇರಲಿ. ಬಟನ್ ಅರ್ಧ ಒತ್ತಿಹಿಡಿದು ಮೂರು ನಾಲ್ಕು ಚಿತ್ರ ಒಟ್ಟಿಗೆ ತೆಗೆಯಿರಿ.

ಮುಂದಿನ ಹಕ್ಕಿ ಬರುವಷ್ಟರಲ್ಲಿ ಪರದೆಯಲ್ಲಿ ಹಿಗ್ಗಿಸಿ ನೋಡಿ. ಎಲ್ಲವೂ ಒಂದೇ ದಿಕ್ಕಿಗೆ ಗೀರಿದಂತಿದ್ದರೆ ಕೈಯೋ ದೋಣಿಯೋ ಅಲುಗಿದೆ. ಕೊಂಬೆ ಚೂಪು, ರೆಕ್ಕೆ ಮಾತ್ರ ಮಸುಕು ಎಂದರೆ ಶಟರ್ ಸಾಲದು. ಹಿಂದಿನ ಎಲೆ ಸ್ಪಷ್ಟ, ಕಣ್ಣು ಅಸ್ಪಷ್ಟ ಎಂದರೆ ಫೋಕಸ್ ತಪ್ಪಿದೆ. ಇನ್ನು ಬಿಸಿಲೇರಿದ ಮೇಲೆ ದೂರದ ಬಂಡೆಯ ಹಕ್ಕಿ ಅಲೆಅಲೆಯಾಗಿ ಬಂದರೆ ಅದು ಕಾದ ಗಾಳಿಯ ಆಟ. ಅದಕ್ಕೆ ಕ್ಯಾಮೆರಾದಲ್ಲಿ ಯಾವ ಮದ್ದೂ ಇಲ್ಲ, ಹತ್ತಿರದ ಹಕ್ಕಿಯತ್ತ ತಿರುಗಿ.