ಫ್ಯಾನ್ ಒಂದರಲ್ಲಿಟ್ರೆ ಬಿಸಿಯಾಗೋ ಹಳೇ ಡಬ್ಬ: ಎಷ್ಟು ಕರೆಂಟ್ ತಿನ್ನುತ್ತೆ ಅಂತ ಮನೇಲೇ ಅಳೆಯೋದು ಹೇಗೆ

ವಿರಾಜಪೇಟೆ ಹತ್ರ ನಮ್ಮ ಅತ್ತೆ ಮನೇಲಿ ಮಳೆಗಾಲ ಶುರುವಾಯ್ತು ಅಂದ್ರೆ ಬೆಂಕಿಪೊಟ್ಟಣದ ಜಾಗ ಬದಲಾಗುತ್ತೆ. ಅಡುಗೆಮನೆಯಿಂದ ಹಾಲ್‌ಗೆ ಬಂದು ಫ್ಯಾನಿನ ರೆಗ್ಯುಲೇಟರ್ ಡಬ್ಬದ ಮೇಲೆ ಕೂರುತ್ತೆ, ಯಾಕಂದ್ರೆ ಕಕ್ಕಡದ ಥಂಡಿಗೆ ಬೇರೆ ಎಲ್ಲಿಟ್ರೂ ಕಡ್ಡಿ ಗೀರಿದ್ರೆ ಹತ್ತಲ್ಲ, ಆ ಡಬ್ಬದ ಮೇಲಿಟ್ಟಿದ್ದು ಮಾತ್ರ ಒಂದೇ ಸಲಕ್ಕೆ ಹತ್ತುತ್ತೆ. ಡಬ್ಬ ಯಾಕೆ ಬೆಚ್ಚಗಿರುತ್ತೆ ಅಂತ ಮನೇಲಿ ಯಾರೂ ಕೇಳಿರಲಿಲ್ಲ. ಆ ಬಿಸಿ ಅಷ್ಟೂ ಮೀಟರಲ್ಲಿ ಓಡಿದ ಕರೆಂಟೇ.

ನಮ್ಮ ಕೊಡಗಲ್ಲಿ ಫ್ಯಾನ್ 5ರಲ್ಲಿ ಓಡೋ ದಿನ ಕಮ್ಮಿ, ಮಾರ್ಚ್ ಏಪ್ರಿಲಲ್ಲಿ ಕುಶಾಲನಗರ, ಗೋಣಿಕೊಪ್ಪ ಕಡೆ ಒಂದಿಷ್ಟು ದಿನ ಅಷ್ಟೇ. ಜಾಸ್ತಿ ಓಡೋದು ಮಳೆಗಾಲದಲ್ಲಿ, ಒಳಗೆ ಹಗ್ಗ ಕಟ್ಟಿ ಬಟ್ಟೆ ಹರವಿ ರಾತ್ರಿಯಿಡೀ 1ರಲ್ಲೋ 2ರಲ್ಲೋ ಬಿಟ್ಟಿರ್ತೀವಿ. ಹಳೇ ರೆಗ್ಯುಲೇಟರ್ ಕರೆಂಟ್ ಹಾಳು ಮಾಡೋದು ಸರಿಯಾಗಿ ಆ ನಂಬರಲ್ಲೇ. ರಾಯಚೂರಲ್ಲಿ ಫ್ಯಾನ್ ಫುಲ್ ಸ್ಪೀಡಲ್ಲಿ ಓಡಿಸೋರಿಗೆ ಹಳೇದಾದ್ರೇನು ಹೊಸದಾದ್ರೇನು, ವ್ಯತ್ಯಾಸವೇ ಇಲ್ಲ.

ಡಬ್ಬದ ಒಳಗೆ ಇರೋದು ಪಿಂಗಾಣಿ ಮೇಲೆ ಸುತ್ತಿರೋ ರೆಸಿಸ್ಟೆನ್ಸ್ ತಂತಿ. ಫ್ಯಾನಿಗೆ ಹೋಗೋ ಕರೆಂಟ್ ಇದರೊಳಗೆ ಹಾದೇ ಹೋಗ್ಬೇಕು. 5ರಲ್ಲಿ ತಂತಿ ಪೂರ್ತಿ ತಪ್ಪಿ ನೇರ ಸಂಪರ್ಕ, 1ರಲ್ಲಿ ಪೂರ್ತಿ ತಂತಿ ದಾರಿಗೆ ಅಡ್ಡ. ನಮ್ಮತ್ತೆ ಮನೆಯದ್ದನ್ನ ಬಿಚ್ಚಿದ ಮೇಲೆ ಮಲ್ಟಿಮೀಟರ್ ಹಿಡಿದ್ರೆ 1ರಲ್ಲಿ ಹತ್ತಿರ ಹತ್ತಿರ 500 ಓಮ್ ತೋರಿಸ್ತು. ಆ ಸ್ಪೀಡಲ್ಲಿ ಹರಿಯೋದು ಸುಮಾರು 0.2 ಆಂಪಿಯರ್, ಅಂದ್ರೆ 0.2 × 0.2 × 500, 20 ವ್ಯಾಟ್ ಬರೀ ಬಿಸಿ. ಎಲೆಕ್ಟ್ರಾನಿಕ್ ಸ್ಟೆಪ್ ರೆಗ್ಯುಲೇಟರಲ್ಲಿ ತಂತಿ ಬದಲು ಕೆಪಾಸಿಟರ್ ಇರುತ್ತೆ. ಅದೂ ಫ್ಯಾನಿಗೆ ಸಿಗೋ ವೋಲ್ಟೇಜ್ ಇಳಿಸುತ್ತೆ, ಆದ್ರೆ ತಗೊಂಡ ಕರೆಂಟನ್ನ ಸುಡಲ್ಲ, ಒಂದು ಕ್ಷಣ ಹಿಡಿದಿಟ್ಟು ಮತ್ತೆ ಲೈನಿಗೇ ವಾಪಸ್ ಕೊಡುತ್ತೆ. ಹಾಗಾಗಿ ಅದು ಕೈಗೆ ಬಿಸಿ ಹತ್ತೋದೇ ಇಲ್ಲ.

"ಸ್ಪೀಡ್ ಕಮ್ಮಿ ಮಾಡಿದ್ರೆ ಕರೆಂಟೂ ಕಮ್ಮಿ ಆಗಲ್ವೇನೋ?" ಅಂತ ಅತ್ತೆ ಕೇಳಿದ್ರು. ಆಗುತ್ತೆ, ಅದು ನಿಜ. ಹಳೇ ರೆಗ್ಯುಲೇಟರಲ್ಲಿ ಸ್ಪೀಡ್ ಇಳಿಸಿದ್ರೆ ಏನೂ ಉಳಿಯಲ್ಲ ಅಂತ ಕೆಲವರು ಹೇಳ್ತಾರಲ್ಲ, ಅದು ತಪ್ಪು. ಉಳಿಯುತ್ತೆ, ಆದ್ರೆ ಉಳಿಯಬೇಕಾದಷ್ಟು ಉಳಿಯಲ್ಲ. ಎಷ್ಟು ಅಂತ ಮೀಟರೇ ಹೇಳುತ್ತೆ.

ನಿಮ್ಮ ಮನೆಯದು ಎಲೆಕ್ಟ್ರಾನಿಕ್ ಮೀಟರಾದ್ರೆ ಅದರ ಮೇಲೆ 3200 imp/kWh ಅಂತಲೋ ಬೇರೆ ನಂಬರೋ ಬರೆದಿರುತ್ತೆ, ಪಕ್ಕದಲ್ಲೇ ಒಂದು ಕೆಂಪು ಲೈಟ್ ಮಿನುಗ್ತಾ ಇರುತ್ತೆ. 3200 ಸಲ ಮಿನುಗಿದ್ರೆ ಒಂದು ಯೂನಿಟ್. ಮೊದಲು ಫ್ರಿಡ್ಜ್, ಟಿವಿ, ವೈಫೈ ಡಬ್ಬ, ಚಾರ್ಜರ್, ಇನ್ವರ್ಟರ್ ಎಲ್ಲಾ ಪ್ಲಗ್ ಸಮೇತ ಆಫ್ ಮಾಡಿ, ಐದು ನಿಮಿಷ ನಿಂತು ನೋಡಿ, ಲೈಟ್ ಮಿನುಗಲೇಬಾರದು. ಮಿನುಗಿದ್ರೆ ಇನ್ನೂ ಏನೋ ಓಡ್ತಾ ಇದೆ, ಹುಡುಕಿ. ಆಮೇಲೆ ಒಂದೇ ಫ್ಯಾನ್ ಹಾಕಿ, ಒಂದು ಮಿನುಗನ್ನ ಸೊನ್ನೆ ಅಂತ ಹಿಡಿದು ಅಲ್ಲಿಂದ ಹತ್ತನೇ ಮಿನುಗಿನವರೆಗೆ ಎಷ್ಟು ಸೆಕೆಂಡ್ ಅಂತ ಮೊಬೈಲ್ ಸ್ಟಾಪ್‌ವಾಚಲ್ಲಿ ನೋಡಿ. 3200ರ ಮೀಟರಿಗೆ 11250ನ್ನ ಆ ಸೆಕೆಂಡಿಂದ ಭಾಗಿಸಿದ್ರೆ ಬರೋದೇ ವ್ಯಾಟ್. ಮೀಟರ್ ಮೇಲೆ ಬೇರೆ ನಂಬರ್ ಇದ್ರೆ 3,60,00,000ನ್ನ ಆ ನಂಬರಿಂದ ಭಾಗಿಸಿ, ಬಂದಿದ್ದನ್ನ 11250ರ ಜಾಗದಲ್ಲಿಟ್ಕೊಳ್ಳಿ.

ಅತ್ತೆ ಮನೇಲಿ 5ರಲ್ಲಿ 150 ಸೆಕೆಂಡ್ ಬಂತು, ಅಂದ್ರೆ 75 ವ್ಯಾಟ್. ಹಳೇ ಡಬ್ಬದ 1ರಲ್ಲಿ 252 ಸೆಕೆಂಡ್, ಹತ್ರ ಹತ್ರ 45 ವ್ಯಾಟ್. ಹೊಸದು ಹಾಕಿದ ಮೇಲೆ ಅದೇ ಸ್ಪೀಡಲ್ಲಿ 440 ಸೆಕೆಂಡ್, 26 ವ್ಯಾಟ್ ಒಳಗೆ. ಅದೇ ಸ್ಪೀಡ್ ಅನ್ನೋದು ಇಲ್ಲಿ ಮುಖ್ಯ, ಹೊಸದರ 1 ಹಳೇದರ 1ರಷ್ಟೇ ಇರುತ್ತೆ ಅಂತ ಇಲ್ಲ, ನಂಬರ್ ನಂಬಿ ಹೋಲಿಸಿದ್ರೆ ಮೋಸ ಹೋಗ್ತೀರಿ. ನಾವು ಒಂದು ರೆಕ್ಕೆಗೆ ಕೆಂಪು ಟೇಪ್ ಅಂಟಿಸಿ, ಮೊಬೈಲಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆದು ಸುತ್ತು ಎಣಿಸಿದ್ವಿ, ಹಳೇದಕ್ಕೂ ಹೊಸದಕ್ಕೂ.

ಇನ್ನು ಬದಲಾಯಿಸೋದು. ಅಂಗಡೀಲಿ ಸ್ಟೆಪ್ ಟೈಪ್ ಅಂತ ಕೇಳಿ, ಟಕ್ ಟಕ್ ಅಂತ ನಂಬರಿಗೆ ಕೂರೋದು. ನಂಬರಿಲ್ಲದೆ ನುಣ್ಣಗೆ ತಿರುಗೋದೂ ಕರೆಂಟ್ ಉಳಿಸುತ್ತೆ, ಆದ್ರೆ ಕಮ್ಮಿ ಸ್ಪೀಡಲ್ಲಿ ಫ್ಯಾನ್ ಗುಂಯ್ ಅನ್ನೋಕೆ ಶುರು ಮಾಡುತ್ತೆ, ರಾತ್ರಿ ಮಲಗೋ ಕೋಣೆಗೆ ಅದು ಬೇಡ. ಕೆಲಸಕ್ಕೆ ಕೈ ಹಾಕೋ ಮುಂಚೆ ಬೋರ್ಡಿನ ಸ್ವಿಚ್ ಅಲ್ಲ, ಮೈನ್ ಸ್ವಿಚ್ಚನ್ನೇ ಇಳಿಸಿ, ಹಳೇ ಮನೆಗಳಲ್ಲಿ ಎಷ್ಟೋ ಕಡೆ ಸ್ವಿಚ್ಚನ್ನ ನ್ಯೂಟ್ರಲಿಗೆ ಕೊಟ್ಟಿರ್ತಾರೆ, ಸ್ವಿಚ್ ಆಫ್ ಇದ್ರೂ ತಂತೀಲಿ ಕರೆಂಟ್ ನಿಂತಿರುತ್ತೆ. ಟೆಸ್ಟರನ್ನ ಮೊದಲು ಕರೆಂಟ್ ಇರೋ ಕಡೆ ಹಿಡಿದು ಉರಿಯುತ್ತೆ ಅಂತ ಖಾತ್ರಿ ಮಾಡ್ಕೊಂಡು, ಮೈನ್ ಇಳಿಸಿದ ಮೇಲೆ ರೆಗ್ಯುಲೇಟರಿನ ಎರಡೂ ತಂತಿಗೆ ಮುಟ್ಟಿಸಿ. ಇರೋದು ಎರಡೇ ತಂತಿ, ಒಂದು ಸ್ವಿಚ್ ಕಡೆಯಿಂದ ಬಂದಿದ್ದು, ಒಂದು ಫ್ಯಾನಿಗೆ ಹೋಗೋದು. ಅವೆರಡನ್ನೇ ಹೊಸದಕ್ಕೆ ಕೊಡ್ಬೇಕು, ಮೂರನೇದು ಯಾವುದೂ ಬೇಡ.

ನಮಗೆ ತೊಂದರೆ ಕೊಟ್ಟಿದ್ದು ಆ ಎರಡು ತಂತಿಯೇ. ವರ್ಷಗಟ್ಲೆ ಡಬ್ಬದ ಬಿಸಿಗೆ ತುದಿಯ ರಬ್ಬರ್ ಒಣಗಿ, ಬಗ್ಗಿಸಿದ್ರೆ ಚೂರು ಚೂರಾಗಿ ಉದುರ್ತಿತ್ತು, ಒಳಗಿನ ತಾಮ್ರ ಕಪ್ಪಾಗಿತ್ತು. ಗಟ್ಟಿ ಇನ್ಸುಲೇಷನ್ ಸಿಗೋವರೆಗೆ ಕತ್ತರಿಸಿ, ಹೊಸ ತುಂಡು ಜೋಡಿಸಿದ್ವಿ. ಹಾಗೇ ಬಿಟ್ಟು ಟೇಪ್ ಸುತ್ತಬೇಡಿ, ಥಂಡಿ ಗೋಡೆಗೆ ಅದು ತಾಗಿದ್ರೆ ಶಾಕ್ ಹೊಡೆಯುತ್ತೆ. ತಂತಿ ಒಳಗಿನವರೆಗೂ ಉದುರ್ತಾ ಇದ್ರೆ ಅಲ್ಲಿಗೆ ನಿಲ್ಲಿಸಿ ವಯರಿಂಗ್ ಮಾಡೋರನ್ನ ಕರೀರಿ.

ಹೊಸದು ಹಾಕಿದ ಮೇಲೆ 1ರಲ್ಲಿ ಫ್ಯಾನ್ ಏಳದೇ ಇರಬಹುದು, ಎಸ್ಟೇಟ್ ಲೈನುಗಳಲ್ಲಿ ಸಂಜೆ ವೋಲ್ಟೇಜ್ ಬಿದ್ದಾಗಂತೂ ಇದು ಮಾಮೂಲು. 5ರಲ್ಲಿ ಎಬ್ಬಿಸಿ ಆಮೇಲೆ ಇಳಿಸಿ. 5ರಲ್ಲೂ ನಿಧಾನ ಅಂದ್ರೆ ದೋಷ ರೆಗ್ಯುಲೇಟರದಲ್ಲದೇ ಇರಬಹುದು, ಫ್ಯಾನಿನ ಕಂಡೆನ್ಸರ್ ಸೋತಿರಬಹುದು, ಮೊದಲು ಅದನ್ನ ಬದಲಾಯಿಸಿ ನೋಡಿ. ಎರಡು ನಂಬರಿಗೆ ಒಂದೇ ಸ್ಪೀಡ್ ಬರೋಕೆ ಶುರುವಾದ್ರೆ ಮಾತ್ರ ರೆಗ್ಯುಲೇಟರ್ ಒಳಗಿನ ಕೆಪಾಸಿಟರ್ ಹೋಗಿದೆ ಅಂತ ಲೆಕ್ಕ.

ದುಡ್ಡಿನ ಲೆಕ್ಕ ಹೀಗಿದೆ. ಸುಮಾರು 20 ವ್ಯಾಟ್ ಉಳಿತಾಯ, ದಿನಕ್ಕೆ 10 ಗಂಟೆ, ತಿಂಗಳಿಗೆ 6 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಅಂತ ಹಿಡಿದ್ರೆ 36 ರೂಪಾಯಿ. ನಾಲ್ಕು ತಿಂಗಳ ಮಳೆಗೆ 144. ರೆಗ್ಯುಲೇಟರಿಗೆ ನಾವು ಕೊಟ್ಟಿದ್ದು 250, ಅಂದ್ರೆ ಎರಡು ಮಳೆಗಾಲದಲ್ಲಿ ಅಸಲು ವಾಪಸ್. ಕರೆಂಟ್ ಹೋಗಿ ಇನ್ವರ್ಟರಲ್ಲಿ ಓಡೋ ರಾತ್ರಿಗಳಲ್ಲಿ ಲಾಭ ಇನ್ನೂ ಬೇಗ ಗೊತ್ತಾಗುತ್ತೆ, ಮೊದಲು ಒಂದು ಫ್ಯಾನ್ ಎಳೀತಿದ್ದ ಕರೆಂಟಲ್ಲಿ ಈಗ ಹೆಚ್ಚುಕಮ್ಮಿ ಎರಡು ಓಡ್ತವೆ. ಬೇಸಿಗೇಲಿ ಮಾತ್ರ, ಅದೂ ಫುಲ್ ಸ್ಪೀಡಲ್ಲೇ ಓಡಿಸೋ ಕೋಣೆ ಇದ್ರೆ ಅಲ್ಲಿ ಈ ಖರ್ಚು ಮಾಡಬೇಡಿ, ಒಂದು ರೂಪಾಯಿನೂ ವಾಪಸ್ ಬರಲ್ಲ. ರಿಮೋಟಿನ ಬಿಎಲ್‌ಡಿಸಿ ಫ್ಯಾನ್ ತರೋದಾದ್ರೆ ಹಳೇದೂ ಬೇಡ ಹೊಸದೂ ಬೇಡ, ರೆಗ್ಯುಲೇಟರನ್ನ ದಾರಿಯಿಂದ ತೆಗೆದು ನೇರ ಸ್ವಿಚ್ಚಿಂದ ಕೊಡಬೇಕು.

ಅತ್ತೆ ಬೆಂಕಿಪೊಟ್ಟಣವನ್ನ ಈಗ ಅಕ್ಕಿ ಡಬ್ಬದೊಳಗೆ ಇಡ್ತಾರೆ.